ಕರೆಂಟ್ ಹೋಗ್ತದೆ, ನೆಟ್‌ವರ್ಕ್ ಹೋಗ್ತದೆ: ಮೂರನೇ ಮಾತಲ್ಲಿ ನಗಿಸುವುದು ಹೇಗೆ?

ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಅಕ್ಕನ ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಗ್ಯಾದರಿಂಗ್‌ನಲ್ಲಿ ನಾಲ್ಕು ನಿಮಿಷ ನಗೆಮಾತು ಹೇಳಲು ಹೆಸರು ಕೊಟ್ಟಿದ್ದಳು. ಒಂದು ಹಾಳೆ ತುಂಬ ಬರೆದುಕೊಂಡು ಬಂದು, "ಮಾವ, ಇದಕ್ಕೆ ಜನ ನಗ್ತಾರಾ ನೋಡು" ಅಂದಳು. ಹಾಳೆಯ ಮೊದಲ ಜೋಕು ಹೀಗಿತ್ತು:

"ನಮ್ಮೂರಲ್ಲಿ ಜೋರು ಮಳೆ ಬಂದ್ರೆ ಕರೆಂಟು, ನೆಟ್‌ವರ್ಕು, ಟಿವಿ, ಫೋನು ಎಲ್ಲ ಹೋಗ್ತದೆ, ಆದ್ರೆ ಮನೆಗೆ ಬಂದ ನೆಂಟರು ಮಾತ್ರ ಹೋಗೋದೇ ಇಲ್ಲ ನೋಡಿ."

ಅವಳು ಇದನ್ನು ಜಗಲಿಯಲ್ಲಿ ನಿಂತು ಓದಿದಾಗ ಯಾರೂ ನಗಲಿಲ್ಲ. ಅಕ್ಕ "ಹೌದು, ಅದು ಖರೆ" ಅಂದಳು, ಅಷ್ಟೇ. ಜೋಕು ಹೇಳಿದಾಗ ಇಂಥ ಉತ್ತರ ಬಂದರೆ ಬೇಜಾರು ಮಾಡಿಕೊಳ್ಳಬಾರದು. ವಿಷಯ ಗಟ್ಟಿ ಇದೆ, ಕಟ್ಟಿದ್ದು ಸಡಿಲ ಇದೆ ಅಂತ ಅದರ ಅರ್ಥ. ಆ ಸಂಜೆ ನಾವಿಬ್ಬರೂ ಕೂತು ಇದೊಂದೇ ಜೋಕನ್ನು ಬಿಚ್ಚಿ ಮತ್ತೆ ಕಟ್ಟಿದೆವು. ಎರಡು ಮಾತು ಒಂದೇ ಥರ ಹೇಳಿ ಮೂರನೆಯದರಲ್ಲಿ ತಿರುಗಿಸುವುದಕ್ಕೆ ಇಂಗ್ಲಿಷ್‌ನಲ್ಲಿ ರೂಲ್ ಆಫ್ ತ್ರೀ ಅನ್ನುತ್ತಾರಲ್ಲ, ಆ ಮೂರರ ಲೆಕ್ಕ ಕನ್ನಡದ ವಾಕ್ಯದೊಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಇದೇ ಜೋಕಿನ ಮೇಲೆ ತೋರಿಸುತ್ತೇನೆ.

ಮೂರೇ ಯಾಕೆ?

"ಕರೆಂಟ್ ಹೋಗ್ತದೆ" ಅಂದಾಗ ಕೇಳುವವರಿಗೆ ಅದು ಬರೀ ಒಂದು ಸುದ್ದಿ. ಮುಂದೆ ಲೈನ್‌ಮನ್ ಕಥೆ ಬರಬಹುದು, ಸೀಮೆಎಣ್ಣೆ ದೀಪದ ಕಥೆ ಬರಬಹುದು. "ನೆಟ್‌ವರ್ಕ್ ಹೋಗ್ತದೆ" ಅಂದ ಕೂಡಲೇ ಚಿತ್ರ ಬದಲಾಗುತ್ತದೆ. ಓಹೋ, ಮಳೆಗೆ ಏನೇನು ಹೋಗುತ್ತದೆ ಅನ್ನುವ ಪಟ್ಟಿ ಇದು ಅಂತ ಅವರಿಗೆ ತಿಳಿಯುತ್ತದೆ. ಇಷ್ಟು ತಿಳಿದ ಮೇಲೆ ಅವರು ಸುಮ್ಮನೆ ಕೂರುವುದಿಲ್ಲ. ಮೂರನೆಯದನ್ನು ತಾವೇ ಮನಸ್ಸಿನಲ್ಲಿ ಹೇಳಿಕೊಂಡುಬಿಡುತ್ತಾರೆ. ಟಿವಿ ಇರಬಹುದು, ರಸ್ತೆ ಇರಬಹುದು. ಹೀಗೆ ಅವರು ಒಂದು ಹೆಜ್ಜೆ ಮುಂದೆ ಇಟ್ಟಿದ್ದಾರಲ್ಲ, ಆ ಹೆಜ್ಜೆಯ ಕೆಳಗಿಂದ ನೆಲ ಸರಿಯಬೇಕು. ನಗು ಬರುವುದು ಅಲ್ಲಿ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1790ರಲ್ಲೇ ಇದರ ಹತ್ತಿರದ ಮಾತು ಹೇಳಿದ್ದ. ಬಿಗಿಯಾದ ನಿರೀಕ್ಷೆಯೊಂದು ಇದ್ದಕ್ಕಿದ್ದ ಹಾಗೆ ಏನೂ ಅಲ್ಲದೆ ಕರಗಿಹೋದಾಗ ನಗು ಬರುತ್ತದೆ ಅಂತ. "ಏನೂ ಅಲ್ಲದೆ" ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿರೀಕ್ಷೆ ಕರಗಿದ ಜಾಗದಲ್ಲಿ ಇನ್ನೊಂದು ನಿಜ ಕಾಣಿಸಬೇಕು. ಬರೀ ಕರಗಿದರೆ ಜನ "ಎಂತದು?" ಅಂತ ಮುಖ ಮುಖ ನೋಡುತ್ತಾರೆ.

ಒಂದೇ ಮಾತು ಹೇಳಿ ತಿರುಗಿಸಿದರೆ ಏನಾಗುತ್ತದೆ? "ಮಳೆಗೆ ಕರೆಂಟ್ ಹೋಗ್ತದೆ, ನೆಂಟರು ಹೋಗೋದಿಲ್ಲ." ಇದು ಹೋಲಿಕೆ ಅಷ್ಟೇ. ಪಟ್ಟಿಯೇ ಹುಟ್ಟಿಲ್ಲ, ಹಾಗಾಗಿ ಮುರಿಯಲು ಏನೂ ಇಲ್ಲ. ನಾಲ್ಕು ಹೇಳಿ ಐದನೆಯದರಲ್ಲಿ ತಿರುಗಿಸಿದರೆ? ಹುಡುಗಿ ಮಾಡಿದ್ದು ಅದೇ. ಪಟ್ಟಿ ಎರಡಕ್ಕೇ ತಿಳಿದುಹೋಗಿದೆ. ಟಿವಿ, ಫೋನು ಅನ್ನುವಷ್ಟರಲ್ಲಿ ಕಿವಿ ಸಡಿಲವಾಗುತ್ತದೆ. ಅಥವಾ, ಇಷ್ಟುದ್ದ ಹೇಳ್ತಾ ಇದ್ದಾಳೆ ಅಂದರೆ ಕೊನೆಗೆ ಏನೋ ಇದೆ ಅಂತ ಚುರುಕಾದವರು ಕಾಯತೊಡಗುತ್ತಾರೆ. ಎರಡೂ ಕಷ್ಟ.

ಮೂರನ್ನು ಕಾಯುವ ಅಭ್ಯಾಸ ನಮ್ಮ ಕಡೆಯವರಿಗೆ ಹೊಸತಲ್ಲ. ತಬಲಾದಲ್ಲಿ ತಿಹಾಯಿ ಕೇಳಿದ್ದೀರಲ್ಲ. ಒಂದೇ ತುಣುಕನ್ನು ಮೂರು ಸಲ ನುಡಿಸಿ, ಮೂರನೆಯದರ ಕೊನೇ ಪೆಟ್ಟನ್ನು ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ತಂದು ಕೂರಿಸುತ್ತಾರೆ. ತಾಳದ ಲೆಕ್ಕ ಗೊತ್ತಿಲ್ಲದವರೂ ಆ ಜಾಗಕ್ಕೆ ಸರಿಯಾಗಿ ತಲೆ ಹಾಕುತ್ತಾರೆ. ದೇವಸ್ಥಾನದ ಹರಾಜಿನಲ್ಲಿ ಬಾಳೆಗೊನೆ ಕೂಗುವಾಗಲೂ "ಒಂದನೇ ಸಾರಿ, ಎರಡನೇ ಸಾರಿ" ಆದ ಮೇಲೆ ಎಲ್ಲರ ಉಸಿರು ಮೂರಕ್ಕೆ ನಿಂತಿರುತ್ತದೆ. ತಿಹಾಯಿ ಆ ಕಾಯುವಿಕೆಯನ್ನು ತುಂಬಿಕೊಡುತ್ತದೆ. ಜೋಕು ಅದೇ ಕಾಯುವಿಕೆಯನ್ನು ಇಟ್ಟುಕೊಂಡು ಬೇರೆ ಕಡೆ ಇಳಿಯುತ್ತದೆ.

ಮೊದಲ ಹೆಜ್ಜೆ: ಮೊದಲೆರಡನ್ನು ಸಪ್ಪೆ ಇಡಿ

ಮೊದಲೆರಡು ಮಾತು ನಿಜ ಇರಬೇಕು, ಚಿಕ್ಕದಿರಬೇಕು, ಒಂದೇ ಅಚ್ಚಿನಲ್ಲಿರಬೇಕು. ತಮಾಷೆ ಬೇಡವೇ ಬೇಡ. ಹುಡುಗಿ ಮೊದಲು "ಕರೆಂಟು ಓಡಿಹೋಗ್ತದೆ, ನೆಟ್‌ವರ್ಕು ಗುಡ್ಡ ಹತ್ತಿ ಕೂರ್ತದೆ" ಅಂತ ಬಣ್ಣ ಹಚ್ಚಲು ನೋಡಿದಳು. ಅವು ಚೆಂದದ ಮಾತೇ. ಆದರೆ ಎರಡನೆಯದಕ್ಕೇ ಜನ ನಕ್ಕುಬಿಟ್ಟರೆ ಪಟ್ಟಿ ಅಲ್ಲೇ ಮುಗಿದುಹೋಗುತ್ತದೆ. ಮೂರನೆಯದು ಎಷ್ಟು ಒಳ್ಳೆಯದಿದ್ದರೂ ಬಾಲದ ಹಾಗೆ ಕೇಳಿಸುತ್ತದೆ.

ಪಟ್ಟಿ ಕೂತಿದೆಯೋ ಇಲ್ಲವೋ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಮೊದಲೆರಡನ್ನು ಹೇಳಿ ನಿಲ್ಲಿಸಿ, "ಮುಂದೆ ಏನು ಬರಬಹುದು?" ಅಂತ ಎದುರಿಗಿದ್ದವರನ್ನು ಕೇಳಿ. ನಾವು ಅಕ್ಕನನ್ನು ಕೇಳಿದೆವು. "ಟಿವಿ" ಅಂದಳು. ಅಡುಗೆಮನೆಯಿಂದ ಭಾವ "ರಸ್ತೆ" ಅಂದರು. ಎರಡೂ ಮಳೆಗೆ ಹೋಗುವಂಥವೇ. ಅಂದರೆ ಪಟ್ಟಿ ಗಟ್ಟಿಯಾಗಿದೆ. ಒಬ್ಬರು ಟಿವಿ, ಇನ್ನೊಬ್ಬರು "ಅಡಿಕೆಗೆ ಕೊಳೆ ರೋಗ", ಮತ್ತೊಬ್ಬರು "ಬಿಸಿ ಬಿಸಿ ಬಜ್ಜಿ" ಅಂದರೆ ಪಟ್ಟಿ ಇನ್ನೂ ಕಟ್ಟಿಲ್ಲ ಅಂತ ತಿಳಿಯಬೇಕು. ಆಗ ಮೂರನೆಯದನ್ನು ತಿದ್ದುವ ಬದಲು ಮೊದಲೆರಡನ್ನು ಇನ್ನೂ ಹತ್ತಿರ ತನ್ನಿ. ಯಾರಾದರೂ ತಟ್ಟನೆ "ನೆಂಟರು" ಅಂದರೆ ಮಾತ್ರ ಆ ಜೋಕನ್ನು ಬಿಟ್ಟುಬಿಡಬೇಕು.

ಎರಡನೇ ಹೆಜ್ಜೆ: ಒಂದನ್ನೇ ಮುರಿಯಿರಿ

ಮೂರನೇ ಜಾಗಕ್ಕೆ ನಾವು ಏನೇನೋ ಇಟ್ಟು ನೋಡಿದೆವು.

"ಕರೆಂಟ್ ಹೋಗ್ತದೆ. ನೆಟ್‌ವರ್ಕ್ ಹೋಗ್ತದೆ. ಟಿವಿ ಹೋಗ್ತದೆ." ಇದು ಪಟ್ಟಿಯ ಒಳಗೇ ಇದೆ, ಏನೂ ತಿರುಗಲಿಲ್ಲ. "ಕರೆಂಟ್ ಹೋಗ್ತದೆ. ನೆಟ್‌ವರ್ಕ್ ಹೋಗ್ತದೆ. ಆನೆ ಹೋಗ್ತದೆ." ಇದು ತಿರುಗಿತು, ಆದರೆ ಎಲ್ಲಿಂದಲೋ ಬಂತು. ಚಿಕ್ಕ ಮಕ್ಕಳು ನಗಬಹುದು. ದೊಡ್ಡವರು "ಯಾವ ಆನೆ?" ಅಂತ ಯೋಚನೆಗೆ ಬೀಳುತ್ತಾರೆ. "ಕರೆಂಟ್ ಹೋಗ್ತದೆ. ನೆಟ್‌ವರ್ಕ್ ಹೋಗ್ತದೆ. ಆಮೇಲೆ ನಮ್ಮ ದೊಡ್ಡಪ್ಪ ಬಂದು ಹಳೇ ಕಾಲದ ಮಳೆ ಕಥೆ ಶುರು ಮಾಡ್ತಾರೆ." ಇದು ಒಳ್ಳೆಯ ವಿಷಯ. ಆದರೆ ವಾಕ್ಯದ ಅಚ್ಚು ಬೇರೆಯಾಯಿತು. ಕಿವಿಗೆ ಇದು ಪಟ್ಟಿಯ ಮೂರನೆಯದಾಗಿ ಕೇಳುವುದಿಲ್ಲ, ಹೊಸ ಕಥೆಯ ಮೊದಲ ಸಾಲಾಗಿ ಕೇಳುತ್ತದೆ.

ನೆಂಟರು ಮಾತ್ರ ಎಲ್ಲ ಕಡೆಯಿಂದ ಹೊಂದುತ್ತಾರೆ. ಮಳೆಗೂ ಅವರಿಗೂ ನಿಜವಾದ ಸಂಬಂಧ ಇದೆ. ಘಟ್ಟದ ಮೇಲಿನ ಮಳೆಯಲ್ಲಿ ಹೊರಟು ನಿಂತ ನೆಂಟರನ್ನು "ಈ ಮಳೆಲಿ ಎಲ್ಲಿಗೆ ಹೋಗ್ತೀರಿ, ಉಳೀರಿ" ಅಂತ ನಾವೇ ಕೂರಿಸುತ್ತೇವೆ. ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ಒಮ್ಮೆ ಹಾಗೆ ಉಳಿದವರು, ಒಮ್ಮೆ ಉಳಿಸಿಕೊಂಡವರು. ಮತ್ತೆ, "ಹೋಗು" ಅನ್ನುವ ಮಾತಿಗೆ ಇರುವ ಎರಡು ಅರ್ಥ ಇಲ್ಲಿ ಒಟ್ಟಿಗೆ ಬರುತ್ತದೆ. ಕರೆಂಟ್ ಹೋಗುವುದು ಅಂದರೆ ಇಲ್ಲದಾಗುವುದು. ನೆಂಟರು ಹೋಗುವುದು ಅಂದರೆ ಮನೆಗೆ ಹೊರಡುವುದು. ವಾಕ್ಯದ ಅಚ್ಚು ಅದೇ, ಕ್ರಿಯಾಪದ ಅದೇ, ಮಳೆ ಅದೇ. ತಿರುಗಿದ್ದು ಒಂದೇ ಒಂದು.

ಮೂರನೆಯದು ಒಂದು ಕಡೆಯಿಂದ ನೋಡಿದರೆ ಪಟ್ಟಿಗೆ ಸೇರಬೇಕು, ಇನ್ನೊಂದು ಕಡೆಯಿಂದ ನೋಡಿದರೆ ಸೇರಬಾರದು. ಜೋಕು ಬರೆಯುವಾಗ ನಾನು ಜಾಸ್ತಿ ಹೊತ್ತು ಕಳೆಯುವುದು ಈ ಹುಡುಕಾಟದಲ್ಲೇ. ಹತ್ತು ಬರೆದುಕೊಳ್ಳುತ್ತೇನೆ, ಮೊದಲ ಮೂರ್ನಾಲ್ಕನ್ನು ಹೊಡೆದುಹಾಕುತ್ತೇನೆ. ಅವು ನನಗೆ ಬೇಗ ಹೊಳೆದಿವೆ ಅಂದರೆ ಕೇಳುವವರಿಗೂ ಬೇಗ ಹೊಳೆಯುತ್ತವೆ.

ಮೂರನೇ ಹೆಜ್ಜೆ: ತಿರುವು ಕೊನೇ ಪದದಲ್ಲಿರಲಿ

ಕನ್ನಡದಲ್ಲಿ ಜೋಕು ಹೇಳುವವರು ಜಾಸ್ತಿ ಎಡವುವುದು ಇಲ್ಲಿ. ಇಂಗ್ಲಿಷ್‌ನಲ್ಲಿ "ತಂದ", "ಹೋದ" ಅನ್ನುವ ಮಾತು ಮೊದಲೇ ಬಂದುಬಿಡುತ್ತದೆ, ಏನು ತಂದ ಅನ್ನುವುದು ಕೊನೆಗೆ ಬರುತ್ತದೆ. ಅವರ ಮೂರನೇ ವಸ್ತು ತಾನಾಗಿ ವಾಕ್ಯದ ತುದಿಗೆ ಬಂದು ನಿಲ್ಲುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ. ವಸ್ತು ಹೇಳಿದ ಮೇಲೂ ವಾಕ್ಯ ಮುಗಿದಿರುವುದಿಲ್ಲ. ಕಾರವಾರ ಪೇಟೆಗೆ ಹೋದ ಅಣ್ಣನ ಮೇಲೆ ಒಂದು ಜೋಕು ಕಟ್ಟಿ ನೋಡೋಣ:

"ಅಣ್ಣ ಪೇಟೆಯಿಂದ ಬಂಗಡೆ, ಕೊತ್ತಂಬರಿ ಸೊಪ್ಪು, ಬಂಗಡೆ ಹಿಂದೆ ಬಂದ ಬೆಕ್ಕನ್ನು ಕರ್ಕೊಂಡು ಬಂದ."

ನಗು ಹುಟ್ಟಬೇಕಾದ್ದು "ಬೆಕ್ಕು" ಅನ್ನುವಲ್ಲಿ. ಅಷ್ಟರಲ್ಲಿ "ಅನ್ನು ಕರ್ಕೊಂಡು ಬಂದ" ಅಂತ ಇನ್ನೂ ಮಾತು ಬರುತ್ತಲೇ ಇದೆ. ಕೇಳುವವರು ವಾಕ್ಯ ಮುಗಿಯಲಿ ಅಂತ ನಗುವನ್ನು ತಡೆದುಕೊಳ್ಳುತ್ತಾರೆ, ಮುಗಿಯುವಾಗ ಅದು ಅರ್ಧ ಆರಿರುತ್ತದೆ. ಮೇಲಾಗಿ ಬಂಗಡೆಯನ್ನು, ಸೊಪ್ಪನ್ನು ಯಾರೂ ಕರ್ಕೊಂಡು ಬರುವುದಿಲ್ಲ. ಅಚ್ಚೂ ಕೆಟ್ಟಿತು.

ಇದಕ್ಕೆ ನಮ್ಮ ಭಾಷೆಯಲ್ಲೇ ಎರಡು ದಾರಿ ಇವೆ. ಒಂದು, ಕ್ರಿಯಾಪದವನ್ನು ಮುಂಚೆಯೇ ಹೇಳಿ ಮುಗಿಸಿಬಿಡುವುದು. ಪ್ರಶ್ನೆ ಹಾಕಿದರೆ ಇದು ಬಹಳ ಸಲೀಸು:

"ಪೇಟೆಯಿಂದ ಅಣ್ಣ ಏನೇನು ತಂದ? ಬಂಗಡೆ. ಕೊತ್ತಂಬರಿ ಸೊಪ್ಪು. ಬಂಗಡೆ ಹಿಂದೆ ಬಂದ ಬೆಕ್ಕು."

"ತಂದ" ಮೊದಲೇ ಆಗಿಹೋಯಿತು. ಉಳಿದದ್ದು ಬರೀ ಹೆಸರುಗಳು, ಕೊನೆಯ ಪದ ಬೆಕ್ಕು. ಪ್ರಶ್ನೆ ಬೇಡ ಅನ್ನಿಸಿದರೆ "ಅಣ್ಣ ತಂದಿದ್ದು ಬಂಗಡೆ, ಕೊತ್ತಂಬರಿ ಸೊಪ್ಪು..." ಅಂತಲೂ ಶುರು ಮಾಡಬಹುದು. "ತಂದಿದ್ದು", "ಸಿಕ್ಕಿದ್ದು", "ಹೇಳಿದ್ದು" ಅನ್ನುವ ರೂಪಗಳು ಜೋಕಿಗೆ ಬಹಳ ಉಪಕಾರ ಮಾಡುತ್ತವೆ.

ಇನ್ನೊಂದು ದಾರಿ, ಕ್ರಿಯಾಪದವೇ ತಿರುವನ್ನು ಹೊರುವ ಹಾಗೆ ಮಾಡುವುದು. ಇದು ಕನ್ನಡಕ್ಕೆ ಸಿಕ್ಕ ವರ ಅಂತಲೇ ನನಗೆ ಅನಿಸುತ್ತದೆ. ನಮ್ಮಲ್ಲಿ "ಇಲ್ಲ" ಬರುವುದು ಕಟ್ಟಕಡೆಗೆ. "ಹೋಗ್ತದೆ, ಹೋಗ್ತದೆ" ಅಂತ ಕೇಳಿದವರಿಗೆ ಮೂರನೇ ವಾಕ್ಯದಲ್ಲಿ "ಹೋಗೋ" ಅನ್ನುವವರೆಗೂ ಪಟ್ಟಿ ಮುಂದುವರಿದ ಹಾಗೇ ಇರುತ್ತದೆ. "ದಿಲ್ಲ" ಅಂದಾಗ ಒಂದೇ ಏಟಿಗೆ ಎಲ್ಲ ತಿರುಗುತ್ತದೆ. ಹುಡುಗಿಯ ಜೋಕಿಗೆ ಈ ದಾರಿಯೇ ಸರಿ.

ಈಗ ಅವಳ ಮೊದಲ ವಾಕ್ಯಕ್ಕೆ ಮರಳೋಣ. "ಆದ್ರೆ" ಅಂದ ಕೂಡಲೇ ತಿರುಗುತ್ತೇನೆ ಅಂತ ಕೈ ತೋರಿಸಿದ ಹಾಗಾಯಿತು, ತೆಗೆದೆವು. "ಮಾತ್ರ" ಇನ್ನೂ ಜೋರಾಗಿ ಅದನ್ನೇ ಹೇಳುತ್ತದೆ, ತೆಗೆದೆವು. "ಎಲ್ಲ ಹೋಗ್ತದೆ" ಅಂತ ಪಟ್ಟಿಗೆ ಬೀಗ ಹಾಕಿದ್ದಳು. ಮುಗಿದ ಪಟ್ಟಿಗೆ ಮೂರನೆಯದು ಸೇರುವುದು ಹೇಗೆ? ಅದೂ ಹೋಯಿತು. ಕೊನೆಯ "ನೋಡಿ" ನಗುವಿನ ಮೇಲೆ ಬಂದು ಕೂರುತ್ತಿತ್ತು, ಅದನ್ನೂ ಬಿಟ್ಟೆವು. "ಮನೆಗೆ ಬಂದ ನೆಂಟರು" ಇದ್ದದ್ದು "ಬಂದ ನೆಂಟರು" ಆಯಿತು. ಉಳಿದದ್ದು ಇಷ್ಟು:

"ಮಳೆ ಹಿಡಿದ್ರೆ ನಮ್ಮೂರಲ್ಲಿ ಕರೆಂಟ್ ಹೋಗ್ತದೆ. ನೆಟ್‌ವರ್ಕ್ ಹೋಗ್ತದೆ. ಬಂದ ನೆಂಟರು ಹೋಗೋದಿಲ್ಲ."

"ಬಂದ" ಅನ್ನುವುದನ್ನು ಉಳಿಸಿಕೊಂಡಿದ್ದು ಬೇಕೆಂತಲೇ. ಅದು ಬಂದಿದ್ದರಿಂದ "ಹೋಗೋದಿಲ್ಲ" ಅನ್ನುವುದಕ್ಕೆ ಹೊರಡುವ ಅರ್ಥ ಸ್ಪಷ್ಟವಾಗುತ್ತದೆ. ಮೂರನೆಯದು ಮೊದಲೆರಡಕ್ಕಿಂತ ಒಂದು ಪದ ಉದ್ದ ಇದ್ದರೆ ಕಿವಿಗೂ ಹಿತ.

ಹೇಳುವಾಗ

ಕನ್ನಡದಲ್ಲಿ ಪಟ್ಟಿ ಹೇಳುವಾಗ ದನಿ ಪ್ರತಿ ಸಲ ಸ್ವಲ್ಪ ಮೇಲೆ ನಿಂತು, ಕೊನೆಯದಕ್ಕೆ ಕೆಳಗಿಳಿಯುತ್ತದೆ. ಎರಡನೆಯದಕ್ಕೇ ದನಿ ಇಳಿಸಿದರೆ ಮಾತು ಮುಗಿಯಿತು ಅಂತ ಕೇಳುವವರು ಅಂದುಕೊಳ್ಳುತ್ತಾರೆ. ಹುಡುಗಿ ಇದನ್ನು ಮೂರ್ನಾಲ್ಕು ಸಲ ತಪ್ಪಿದಳು. ಆಗ ಯಕ್ಷಗಾನದ ಹಾಸ್ಯಗಾರರನ್ನು ನೆನಪಿಸಿಕೊಳ್ಳಲು ಹೇಳಿದೆ. ಹಾಸ್ಯಗಾರ ಒಂದು ಮಾತು ಹೇಳುತ್ತಾನೆ, ಭಾಗವತರು "ಹೌದು" ಅನ್ನುತ್ತಾರೆ. ಇನ್ನೊಂದು ಹೇಳುತ್ತಾನೆ, ಮತ್ತೆ "ಹೌದು". ಆ ಎರಡು "ಹೌದು" ಇದೆಯಲ್ಲ, ಅದು ಪಟ್ಟಿಗೆ ಸಭೆಯ ಪರವಾಗಿ ಬಿದ್ದ ಒಪ್ಪಿಗೆ. ಮೂರನೆಯದಕ್ಕೆ ಭಾಗವತರಿಗೂ ಉತ್ತರ ಇರುವುದಿಲ್ಲ. ಒಬ್ಬಳೇ ಹೇಳುವಾಗ ಆ "ಹೌದು" ಅನ್ನು ಮನಸ್ಸಿನಲ್ಲೇ ಅಂದುಕೊಂಡರೆ ಸಾಕು. ಅಷ್ಟೇ ಬಿಡುವು ಬೇಕಾದ್ದು. ಎರಡರ ನಂತರ ಅದಕ್ಕಿಂತ ಜಾಸ್ತಿ ನಿಂತರೆ ಸಭೆಗೆ ಊಹಿಸಲು ಸಮಯ ಸಿಗುತ್ತದೆ. ಮುಖದ ಮೇಲೆ ನಗು ಬರಬಾರದು ಅಂತ ಬೇರೆ ಹೇಳಬೇಕಾಗಿಲ್ಲ.

ಯಾವಾಗ ಮುರಿಯಬಾರದು

ಕೆಲವು ಸಲ ಮೂರನೆಯದು ಅದೇ ದಾರಿಯಲ್ಲಿ ಹೋಗಿ, ಮಿತಿ ದಾಟಿ ನಿಲ್ಲುವುದೇ ಚೆಂದ. ನಮ್ಮ ಕಡೆಯ ಊಟದ ಪಂಕ್ತಿ ನೋಡಿ:

"ಬೇಡ ಅಂದೆ, ಒಂದು ಹೋಳಿಗೆ ಹಾಕಿದ್ರು. ಸಾಕು ಅಂದೆ, ಎರಡು ಹಾಕಿದ್ರು. ಕೈ ಅಡ್ಡ ಹಿಡಿದೆ, ಕೈ ಮೇಲೇ ತುಪ್ಪ ಹಾಕಿದ್ರು."

ಇಲ್ಲಿ ಪಟ್ಟಿ ಏರುತ್ತಾ ಹೋಗುತ್ತದೆ. ಮೂರನೆಯದಕ್ಕೆ "ಸುಮ್ಮನೆ ಹೋದ್ರು" ಅಂತ ತಿರುಗಿಸಿದರೆ ಏರಿದ ಗಾಳಿಪಟದ ದಾರ ಕತ್ತರಿಸಿದ ಹಾಗಾಗುತ್ತದೆ. ಮೊದಲೆರಡು ಸಮ ಇದ್ದರೆ ಮೂರನೆಯದನ್ನು ತಿರುಗಿಸಿ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಿದ್ದರೆ ಮೂರನೆಯದನ್ನು ಇನ್ನೂ ಹಿಗ್ಗಿಸಿ. ನಾನು ನಿರ್ಧಾರ ಮಾಡುವುದು ಹೀಗೆ.

ಕೇಳುವವರಿಗೆ ಪಟ್ಟಿ ಮೊದಲೇ ಬಾಯಿಪಾಠ ಇದ್ದರೆ ಮೂರರ ತನಕ ಕಾಯುವುದೂ ಬೇಡ. "ಉಪ್ಪು" ಅಂದ ಕೂಡಲೇ "ಹುಳಿ, ಖಾರ" ಎಲ್ಲರ ನಾಲಿಗೆ ಮೇಲೆ ಇರುತ್ತದೆ. ಅಲ್ಲಿ ಎರಡನೇ ಜಾಗದಲ್ಲೇ ತಿರುಗಿಸಬಹುದು.

ಇನ್ನೊಂದು ಮಿತಿ, ಒಂದೇ ಸಭೆಯಲ್ಲಿ ಇದನ್ನು ಎಷ್ಟು ಸಲ ಮಾಡಬಹುದು ಅನ್ನುವುದು. ಹುಡುಗಿಯ ಹಾಳೆಯಲ್ಲಿ ಇಂಥವು ಐದಿದ್ದವು. ಎರಡಾದ ಮೇಲೆ ಸಭೆಗೆ ಇದರ ಲಯ ಗೊತ್ತಾಗಿಬಿಡುತ್ತದೆ, ಮೂರನೆಯದು ತಿರುಗುತ್ತದೆ ಅನ್ನುವುದೇ ಹೊಸ ಪಟ್ಟಿ ಆಗುತ್ತದೆ. ನಾಲ್ಕು ನಿಮಿಷಕ್ಕೆ ಎರಡು ಸಾಕು ಅಂದೆ. ಒಂದು ಶುರುವಿಗೆ, ಒಂದು ಕೊನೆಯ ಹತ್ತಿರ. ನಡುವಿನದನ್ನೆಲ್ಲ ಸಾದಾ ಪ್ರಸಂಗವಾಗಿ ಹೇಳಿದಳು.

ಊರು ಬದಲಾದರೆ

ಅದೇ ಜೋಕನ್ನು ಕಾರವಾರದಲ್ಲಿ ಹೇಳಬೇಕಾದರೆ? ನೆಂಟರು ಅಲ್ಲೂ ನಡೆಯುತ್ತಾರೆ. ಆದರೆ ಅಲ್ಲಿಯವರಿಗೆ ಮಳೆಗಾಲ ಅಂದರೆ ಮೊದಲು ನೆನಪಾಗುವುದು ಬೇರೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಅದನ್ನೇ ಹಿಡಿದು ಅದೇ ಅಚ್ಚಿನಲ್ಲಿ ಹೀಗೆ ಕಟ್ಟಬಹುದು:

"ಜೂನ್ ಒಂದಕ್ಕೆ ಬೋಟ್ ನಿಲ್ತದೆ. ಬಲೆ ನಿಲ್ತದೆ. ಊಟಕ್ಕೆ ಕೂತ ಅಜ್ಜ 'ಮೀನೆಲ್ಲಿ' ಅನ್ನೋದು ನಿಲ್ಲೋದಿಲ್ಲ."

ಇಲ್ಲಿ ಮೂರನೆಯದು ಬಹಳ ಉದ್ದ ಇದೆ. ಆದರೂ ನಡೆಯುತ್ತದೆ, ಯಾಕೆಂದರೆ "ಊಟಕ್ಕೆ ಕೂತ ಅಜ್ಜ" ಅನ್ನುವಾಗ ಕಣ್ಣ ಮುಂದೆ ಒಂದು ಚಿತ್ರ ಬರುತ್ತದೆ, ಕೊನೆಯ ಪದದವರೆಗೆ ತಿರುವು ಅಡಗಿರುತ್ತದೆ. ಶಿರಸಿ ಕಡೆಯ ಹವ್ಯಕರ ಮನೆಯ ಸಭೆಯಲ್ಲಿ ಇದನ್ನು ಹೇಳಿದರೆ ಮೀನಿನ ಮೇಲೆ ಅಷ್ಟು ಹಂಬಲ ಇದ್ದವರು ಸಿಗುವುದಿಲ್ಲ. ಮೊದಲೆರಡನ್ನು ಕೇಳುವವರು ತಮ್ಮ ಅನುಭವದಿಂದಲೇ ಒಪ್ಪಬೇಕು. ಬೋಟ್ ನಿಲ್ಲುವುದು ಅಂದರೆ ಏನು ಅಂತ ವಿವರಿಸಬೇಕಾಗಿ ಬಂದರೆ ಆ ಜೋಕು ಆ ಸಭೆಯದಲ್ಲ.

ನಗು ಬಂದ ಬಗೆ ನೋಡಿ ತಿದ್ದುವುದು

ಒಮ್ಮೆ ಹೇಳಿದ ಮೇಲೆ ನಗು ಎಲ್ಲಿ ಬಂತು ಅನ್ನುವುದನ್ನು ಗಮನಿಸಿ. ತಪ್ಪು ಎಲ್ಲಿದೆ ಅಂತ ಅದೇ ಹೇಳುತ್ತದೆ. ಎರಡನೆಯದಕ್ಕೇ ನಕ್ಕರೆ ಅದು ಜಾಸ್ತಿ ರುಚಿಯಾಗಿದೆ, ಸಪ್ಪೆ ಮಾಡಿ. ತುಟಿಯಲ್ಲಿ ನಗು ಬಂದು ದನಿ ಬರದಿದ್ದರೆ ಮೂರನೆಯದನ್ನು ಅವರು ಊಹಿಸಿದ್ದರು. ಒಂದೆರಡು ಕ್ಷಣ ತಡೆದು ಅಲ್ಲಲ್ಲಿ ನಕ್ಕರೆ ಮೂರನೆಯದು ದೂರದಿಂದ ಬಂದಿದೆ, ಸಂಬಂಧ ಹುಡುಕಲು ಅವರಿಗೆ ಹೊತ್ತು ಹಿಡಿಯಿತು. ನಗು ಎದ್ದು ತಟ್ಟನೆ ಕಡಿದುಹೋದರೆ ನಿಮ್ಮ ಮಾತಿಗೆ ಬಾಲ ಇತ್ತು.

ಗ್ಯಾದರಿಂಗ್ ದಿನ ಹುಡುಗಿ ನೆಂಟರ ಜೋಕಿನಿಂದಲೇ ಶುರು ಮಾಡಿದಳು. "ಹೋಗೋದಿಲ್ಲ" ಅಂದದ್ದೇ ಹೆಂಗಸರು ಕೂತ ಕಡೆಯಿಂದ ನಗು ಎದ್ದಿತು, ಆಮೇಲೆ ಪೂರ್ತಿ ಸಭೆಗೆ ಹಬ್ಬಿತು. ಆದರೆ ಅವಳು ಗಡಿಬಿಡಿಯಲ್ಲಿ ಮುಂದಿನ ವಾಕ್ಯ ಶುರು ಮಾಡಿಬಿಟ್ಟಳು. ಆ ವಾಕ್ಯ ಯಾರಿಗೂ ಕೇಳಲಿಲ್ಲ, ನಗುತ್ತಿದ್ದವರೂ ಬಾಯಿ ಮುಚ್ಚಿದರು. ಮನೆಗೆ ಬಂದ ಮೇಲೆ, "ಕೂಸೆ, ನಗು ಪೂರ್ತಿ ನಿಲ್ಲೋವರೆಗೆ ಕಾಯೋದು ಬೇಡ. ಜೋರಾಗಿ ಏರಿ ಅರ್ಧಕ್ಕೆ ಇಳಿಯೋವರೆಗೆ ಸುಮ್ನೆ ನಿಂತ್ಕೊ, ಆಮೇಲೆ ಶುರು ಮಾಡು" ಅಂದೆ. ಜಗಲಿಯಲ್ಲಿ ನಿಂತು ಮತ್ತೊಮ್ಮೆ ಹೇಳಿದಳು. ಅಕ್ಕ ಆ ಹೊತ್ತಿಗೆ ಅದನ್ನು ಇಪ್ಪತ್ತು ಸಲ ಕೇಳಿದ್ದಳು. ಆದರೂ ಕೊನೇ ಪದಕ್ಕೆ ಸರಿಯಾಗಿ ನಕ್ಕಳು.